ವಿಜಯನಗರ ಬಸ್ ನಿಲ್ದಾಣದಲ್ಲಿ ಉಳಿದ ಪಾರಿವಾಳಗಳು

ದ್ವಿತೀಯ ಪಿಯುಸಿ ಮಕ್ಕಳಿಗೆ ನೈಸರ್ಗಿಕ ಆಯ್ಕೆಯ ಬಗ್ಗೆ ಪ್ರಶ್ನೆ ಕೊಟ್ಟರೆ ಹೆಚ್ಚಿನವರು ಇಂಗ್ಲೆಂಡಿನ ಪತಂಗದ ಕಥೆ ಬರೆಯುತ್ತಾರೆ. ಕಾರ್ಖಾನೆಗಳ ಹೊಗೆಗೆ ಮರದ ಕಾಂಡಗಳು ಕಪ್ಪಾದವು, ಬಿಳಿ ಪತಂಗಗಳು ಹಕ್ಕಿಗಳ ಕಣ್ಣಿಗೆ ಬಿದ್ದವು, ಕಪ್ಪು ಪತಂಗಗಳ ಸಂಖ್ಯೆ ಏರಿತು. ಉತ್ತರ ಸರಿಯಾಗಿರುತ್ತದೆ, ಅಂಕವೂ ಸಿಗುತ್ತದೆ. ಆದರೆ ಬರೆದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಲ್ಲಿದ್ದ ಒಂದು ಬಿಳಿ ಪತಂಗಕ್ಕೆ ಆಗ ಏನಾಯಿತು ಎಂದು ಕೇಳಿ ನೋಡಿ. "ಜೀವ ಉಳಿಸ್ಕೊಳ್ಳೋಕೆ ನಿಧಾನವಾಗಿ ಕಪ್ಪಾಯ್ತು ಮೇಡಂ" ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಹಾಗಾಗಲಿಲ್ಲ. ಬಿಳಿ ಪತಂಗ ಸಾಯುವವರೆಗೂ ಬಿಳಿಯಾಗಿಯೇ ಇತ್ತು. ಈ ಒಂದು ಗಂಟು ಬಿಡಿಸಿಕೊಂಡರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಅದನ್ನು ಬಿಡಿಸಿಕೊಂಡದ್ದು ತರಗತಿಯಲ್ಲಲ್ಲ, ವಿಜಯನಗರದ ಬಸ್ ನಿಲ್ದಾಣದಲ್ಲಿ.

ಅವಳ ಮನೆ ಕೆಂಗೇರಿ ಕಡೆ, ಕಾಲೇಜು ರಾಜಾಜಿನಗರದಲ್ಲಿ. ಸಂಜೆ ವಿಜಯನಗರದಲ್ಲಿ ಇಳಿದು ಬಸ್ ಬದಲಿಸಬೇಕು. ಆ ಹೊತ್ತಿಗೆ ಅಲ್ಲಿ ಜನ ಎಷ್ಟೋ ಪಾರಿವಾಳಗಳೂ ಅಷ್ಟೇ. ಯಾರೋ ಚೆಲ್ಲಿದ ಕಡ್ಲೆಪುರಿ, ಜೋಳದ ಕಾಳು ಹೆಕ್ಕುತ್ತ ಬಸ್ಸುಗಳ ನಡುವೆಯೇ ಓಡಾಡುತ್ತಿರುತ್ತವೆ. ಒಂದು ದಿನ ಅವಳು ಬಂದು ಹೇಳಿದಳು: "ಮೇಡಂ, ಚಕ್ರ ಇಷ್ಟು ಹತ್ರ ಬರೋವರೆಗೂ ಅವು ಅಲ್ಲಾಡಲ್ಲ. ಆಮೇಲೆ ಟಕ್ಕಂತ ಪಕ್ಕಕ್ಕೆ ಹೋಗ್ತವೆ. ಬಸ್ಸಿಗೆ ಹೊಂದ್ಕೊಂಡಿವೆ ಅಲ್ವಾ? ಅವುಗಳ ಮರಿಗಳಿಗೆ ಹುಟ್ಟಿನಿಂದಲೇ ಇದು ಬರುತ್ತೆ, ಅದೇ ನೈಸರ್ಗಿಕ ಆಯ್ಕೆ."

ನಾನು ಸರಿ ತಪ್ಪು ಹೇಳಲಿಲ್ಲ. "ಪಾರಿವಾಳಗಳು ಅಂತ ಗುಂಪಾಗಿ ನೋಡಬೇಡಮ್ಮ, ಒಂದೊಂದನ್ನೇ ನೋಡು. ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ ಇದೆ ಬರ್ಕೊಂಡು ಬಾ" ಎಂದೆ. ಆಯ್ಕೆ ಎಂಬುದು ಇರಬೇಕಾದರೆ ಮೊದಲು ಒಂದರಂತೆ ಇನ್ನೊಂದು ಇರಬಾರದು. ಎಲ್ಲವೂ ಅಚ್ಚು ಹಾಕಿದಂತೆ ಒಂದೇ ಆಗಿದ್ದರೆ ಯಾವುದು ಸತ್ತರೂ ಯಾವುದು ಉಳಿದರೂ ಮುಂದಿನ ಪೀಳಿಗೆ ಬದಲಾಗುವುದಿಲ್ಲ.

ಅವಳ ಪಟ್ಟಿಯಲ್ಲಿ ಎರಡು ಸಂಗತಿಗಳು ಎದ್ದು ಕಂಡವು. ಒಂದು ಬಣ್ಣ. ಬೂದು ಮೈ, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವುದು ಕಾಡಿನ ಮೂಲ ಪಾರಿವಾಳದ ವೇಷ. ಅದರ ಜೊತೆಗೆ ರೆಕ್ಕೆ ತುಂಬ ಚುಕ್ಕೆ ಚುಕ್ಕೆಯಾಗಿರುವವು, ಹೆಚ್ಚುಕಡಿಮೆ ಕಪ್ಪಾಗಿರುವವು, ಇಟ್ಟಿಗೆ ಕೆಂಪಿನವು, ಅಲ್ಲಲ್ಲಿ ಬಿಳಿ ಮೆತ್ತಿದಂತಿರುವವು ಎಲ್ಲವೂ ಅಲ್ಲಿದ್ದವು. ಇನ್ನೊಂದು ಅವಳ ಮನಸ್ಸನ್ನು ಕಲಕಿತ್ತು. ಕೆಲವು ಪಾರಿವಾಳಗಳಿಗೆ ಕಾಲ್ಬೆರಳುಗಳೇ ಇಲ್ಲ. ಒಂದಕ್ಕೆ ಎರಡೇ ಬೆರಳು, ಇನ್ನೊಂದು ಬರಿಯ ಮೋಟು ಕಾಲಿನಲ್ಲಿ ಕುಂಟುತ್ತ ಕಾಳು ಹೆಕ್ಕುತ್ತಿತ್ತು. "ಇದಕ್ಕೆ ಮರಿಯಾದ್ರೆ ಅದಕ್ಕೂ ಬೆರಳಿರಲ್ವಾ ಮೇಡಂ?"

ಇಷ್ಟು ಒಳ್ಳೆಯ ಪ್ರಶ್ನೆಗೆ ನಾನೇ ಉತ್ತರ ಹೇಳಿಬಿಟ್ಟರೆ ವ್ಯರ್ಥ. ಅದೇ ವರ್ಷದ ಮರಿಗಳನ್ನು ಗುರುತಿಸುವುದು ಹೇಗೆಂದು ಮಾತ್ರ ಹೇಳಿಕೊಟ್ಟೆ. ಬೆಳೆದ ಪಾರಿವಾಳದ ಕೊಕ್ಕಿನ ಬುಡದಲ್ಲಿ ಸುಣ್ಣ ಬಳಿದಂತೆ ಬಿಳಿಯ ಉಬ್ಬು ಇರುತ್ತದೆ, ಕತ್ತಿನ ಗರಿ ಹಸಿರು ನೇರಳೆಯಾಗಿ ಹೊಳೆಯುತ್ತದೆ. ಗೂಡು ಬಿಟ್ಟು ಹೆಚ್ಚು ದಿನವಾಗದ ಮರಿಗೆ ಆ ಉಬ್ಬು ಇನ್ನೂ ಮಂಕಾಗಿರುತ್ತದೆ, ಕತ್ತಿಗೆ ಹೊಳಪಿರುವುದಿಲ್ಲ. ಅಂಥವನ್ನು ಹುಡುಕಿ ಕಾಲು ನೋಡು ಎಂದೆ. ನೋಡಿಕೊಂಡು ಬಂದಳು. ಅವಳ ಕಣ್ಣಿಗೆ ಬಿದ್ದ ಎಳೆಯವುಗಳ ಕಾಲುಗಳೆಲ್ಲ ಚೆನ್ನಾಗಿದ್ದವು, ಮುಂದೆ ಮೂರು ಹಿಂದೆ ಒಂದು, ಬೆರಳುಗಳು ಪೂರ್ತಿ.

ಬೆರಳು ಹೋಗುವುದಕ್ಕೆ ಕಾರಣ ನೆಲದಲ್ಲೇ ಬಿದ್ದಿರುತ್ತದೆ. ಹೂ ಕಟ್ಟುವ ದಾರ, ಗೋಣಿಚೀಲದ ಪ್ಲಾಸ್ಟಿಕ್ ಎಳೆ, ಉದುರಿದ ತಲೆಗೂದಲು ನಡೆಯುವ ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತವೆ. ಬಿಡಿಸಿಕೊಳ್ಳಲು ಎಳೆದಷ್ಟೂ ಗಂಟು ಬಿಗಿಯುತ್ತದೆ. ರಕ್ತ ಹರಿಯುವುದು ನಿಂತು ಬೆರಳು ಊದಿ, ಒಣಗಿ, ಕೊನೆಗೆ ಕಳಚಿ ಬೀಳುತ್ತದೆ. ಪ್ಯಾರಿಸ್ ನಗರದ ಪಾರಿವಾಳಗಳ ಕಾಲುಗಳನ್ನು ಪರಿಶೀಲಿಸಿದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಷೌರದಂಗಡಿಗಳು ದಟ್ಟವಾಗಿರುವ ಕಡೆ ಬೆರಳು ಕಳೆದುಕೊಂಡ ಹಕ್ಕಿಗಳು ಹೆಚ್ಚು ಎಂಬುದು ಕಂಡುಬಂದಿತ್ತು.

ಬದುಕಿನಲ್ಲಿ ದೇಹಕ್ಕೆ ಆದ ಗಾಯ ಮೊಟ್ಟೆಯೊಳಕ್ಕೆ ಇಳಿಯುವುದಿಲ್ಲ. ನಮ್ಮಲ್ಲಿ ಎಷ್ಟೋ ತಲೆಮಾರುಗಳಿಂದ ಮಕ್ಕಳ ಕಿವಿ ಚುಚ್ಚುತ್ತ ಬಂದಿದ್ದೇವೆ, ಆದರೂ ಮಗು ತೂತಿಲ್ಲದ ಕಿವಿಯೊಂದಿಗೇ ಹುಟ್ಟುತ್ತದೆ. ಜರ್ಮನಿಯ ಆಗಸ್ಟ್ ವೈಸ್‌ಮನ್ 1880ರ ದಶಕದಲ್ಲಿ ಇಲಿಗಳ ಬಾಲವನ್ನು ತಲೆಮಾರು ತಲೆಮಾರಾಗಿ ಕತ್ತರಿಸಿ ನೋಡಿದ್ದರು. ಮರಿಗಳು ಬಾಲವಿಟ್ಟುಕೊಂಡೇ ಹುಟ್ಟಿದವು. ಬಣ್ಣದ ವಿಷಯ ಬೇರೆ. ಅದು ತಂದೆ ತಾಯಿಯಿಂದ ಬರುತ್ತದೆ. ಡಾರ್ವಿನ್ ಸ್ವತಃ ಪಾರಿವಾಳ ಸಾಕಿ, ಬೇರೆ ಬೇರೆ ತಳಿಗಳನ್ನು ಕೂಡಿಸಿ ಇದನ್ನು ನೋಡಿದ್ದವರು. 1859ರ ಅವರ ಪುಸ್ತಕದ ಮೊದಲ ಅಧ್ಯಾಯದಲ್ಲೇ ಪಾರಿವಾಳಗಳಿವೆ.

ಹೀಗೆ ಅವಳ ಪಟ್ಟಿ ಎರಡು ಪಾಲಾಯಿತು: ಮರಿಗೆ ದಾಟುವ ವ್ಯತ್ಯಾಸ, ಹಕ್ಕಿಯೊಂದಿಗೇ ಮುಗಿದುಹೋಗುವ ವ್ಯತ್ಯಾಸ. ಬಸ್ಸಿನಿಂದ ತಪ್ಪಿಸಿಕೊಳ್ಳುವ ಜಾಣತನ ಯಾವ ಪಾಲಿಗೆ ಸೇರಬೇಕು? ಇಲ್ಲಿ ಅವಸರ ಮಾಡಬಾರದು. ಚಕ್ರ ಎಷ್ಟು ಹತ್ತಿರ ಬಂದರೆ ಅಪಾಯ ಎಂಬುದನ್ನು ಪಾರಿವಾಳ ದಿನದಿನವೂ ಕಂಡು ಕಲಿಯುತ್ತದೆ, ಆ ಪಾಠ ಮೊಟ್ಟೆಗೆ ಹೋಗುವುದಿಲ್ಲ. ಆದರೆ ಬೆದರುವ ಸ್ವಭಾವ, ರೆಕ್ಕೆಯ ಅಳತೆ, ಸ್ನಾಯುಗಳ ವೇಗ ಇವುಗಳಲ್ಲಿ ಹುಟ್ಟಿನಿಂದ ಬಂದ ಪಾಲೂ ಇರಬಹುದು. ಸುಮ್ಮನೆ ನಿಂತು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಪರೀಕ್ಷೆಯ ಓದಿಗೆಂದು ಅವಳು ಒಂದು ವಾರ ಬೆಳಿಗ್ಗೆ ಬೇಗ ಹೊರಡತೊಡಗಿದಳು. ನಿಲ್ದಾಣ ಗುಡಿಸುವ ಹೊತ್ತದು. ಪೌರಕಾರ್ಮಿಕ ಹೆಂಗಸೊಬ್ಬರು ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಗಿದ್ದ ಪಾರಿವಾಳವೊಂದನ್ನು ಮೊರಕ್ಕೆ ಎಳೆದುಕೊಳ್ಳುತ್ತಿದ್ದರು. "ದಿನಾ ಸಿಗುತ್ತಾ ಅಕ್ಕ?" ಎಂದು ಕೇಳಿದಳಂತೆ. "ಆಗಾಗ ಸಿಗ್ತವೆ ಕಣವ್ವ. ಜನ ಬರೋ ಹೊತ್ಗೆ ಎತ್ತಾಕ್ಬಿಡ್ತೀವಿ" ಎಂದರಂತೆ ಅವರು.

ಆ ದಿನ ಮೊದಲ ತರಗತಿಗೂ ಮುಂಚೆ ನನ್ನ ಮೇಜಿನ ಹತ್ತಿರ ನಿಂತಿದ್ದಳು. "ಮೇಡಂ, ನಾನು ಸಂಜೆ ನೋಡ್ತಿದ್ದದ್ದು ಉಳಿದಿರೋವನ್ನ ಮಾತ್ರ. ತಪ್ಪಿಸ್ಕೊಳ್ಳದೇ ಇರೋವು ನನ್ನ ಲೆಕ್ಕಕ್ಕೇ ಬಂದಿಲ್ಲ. ಹಾಗಾಗಿ ಎಲ್ಲವೂ ಹೊಂದ್ಕೊಂಡಿವೆ ಅನ್ಸ್ತು. ಯಾವುದೂ ಹೊಂದ್ಕೊಂಡಿಲ್ಲದೇ ಇರಬಹುದು, ಹೊಂದದೇ ಇರೋವು ಹೋಗಿರಬಹುದು."

ಆಗ ಅವಳಿಗೆ ಅಮೆರಿಕದ ನೆಬ್ರಾಸ್ಕದ ಕಥೆ ಹೇಳಿದೆ. ಅಲ್ಲಿ ಕ್ಲಿಫ್ ಸ್ವಾಲೋ ಎಂಬ ಸಣ್ಣ ಹಕ್ಕಿ, ನಮ್ಮ ಕವಲುತೋಕೆಯ ನಂಟಿನದು, ಹೆದ್ದಾರಿಯ ಸೇತುವೆಗಳ ಅಡಿಯಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. ಚಾರ್ಲ್ಸ್ ಬ್ರೌನ್ ಮತ್ತು ಮೇರಿ ಬಾಂಬರ್ಗರ್ ಬ್ರೌನ್ 1982ರಿಂದ ಸುಮಾರು ಮೂವತ್ತು ವರ್ಷ, ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತವನ್ನೂ, ಅಧ್ಯಯನಕ್ಕೆಂದು ಹಕ್ಕಿ ಹಿಡಿಯುವಾಗ ಬಲೆಯಲ್ಲಿ ಆಕಸ್ಮಿಕವಾಗಿ ಸತ್ತವನ್ನೂ ಅಳೆಯುತ್ತ ಬಂದರು. ನಮ್ಮ ಹುಡುಗಿಗೆ ಕಾಣದೇ ಹೋದ ಹಕ್ಕಿಗಳನ್ನೂ ಅವರು ಲೆಕ್ಕಕ್ಕೆ ಹಿಡಿದಿದ್ದರು. 2013ರಲ್ಲಿ ಅವರು ಪ್ರಕಟಿಸಿದ್ದು ಇಷ್ಟು: ಹಕ್ಕಿಗಳ ಸಂಖ್ಯೆ ಹೆಚ್ಚಿದರೂ, ವಾಹನ ಸಂಚಾರ ಇಳಿಯದಿದ್ದರೂ ರಸ್ತೆಯ ಸಾವು ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು. ರಸ್ತೆಯಲ್ಲಿ ಸತ್ತವುಗಳ ರೆಕ್ಕೆ ಸರಾಸರಿಗಿಂತ ಉದ್ದವಿತ್ತು. ಒಟ್ಟು ಹಕ್ಕಿಗಳ ಸರಾಸರಿ ರೆಕ್ಕೆ ಕ್ರಮೇಣ ಗಿಡ್ಡವಾಗುತ್ತ ಬಂತು. ಗಿಡ್ಡ ರೆಕ್ಕೆಯ ಹಕ್ಕಿ ರಸ್ತೆಯಿಂದ ಹೆಚ್ಚು ನೆಟ್ಟಗೆ ಮೇಲೇಳಬಲ್ಲದು, ಚಟ್ಟನೆ ತಿರುಗಬಲ್ಲದು.

"ಯಾವ ಹಕ್ಕಿಯ ರೆಕ್ಕೆ ಗಿಡ್ಡವಾಯ್ತು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವುದರದ್ದೂ ಇಲ್ಲ ಮೇಡಂ" ಎಂದಳು. "ಸರಾಸರಿ ಮಾತ್ರ ಗಿಡ್ಡವಾಯ್ತು."

ಅದನ್ನೇ ಲೆಕ್ಕದಲ್ಲಿ ಮಾಡಿಸಿದೆ. ಅಂಕಿಗಳು ನಾವೇ ಅಂದುಕೊಂಡವು. ನೂರು ಹಕ್ಕಿಗಳಲ್ಲಿ 50 ಗಿಡ್ಡ ರೆಕ್ಕೆಯವು, 50 ಉದ್ದ ರೆಕ್ಕೆಯವು. ಮರಿ ಮಾಡುವಷ್ಟರಲ್ಲಿ ಗಿಡ್ಡ ರೆಕ್ಕೆಯವುಗಳಲ್ಲಿ ಐದಕ್ಕೆ ಒಂದು, ಉದ್ದ ರೆಕ್ಕೆಯವುಗಳಲ್ಲಿ ಐದಕ್ಕೆ ಎರಡು ಸಾಯುತ್ತವೆ ಎನ್ನೋಣ. ಉಳಿದವು 40 ಮತ್ತು 30. ಮರಿಗಳು ಹೆತ್ತವರನ್ನೇ ಹೋಲುತ್ತವೆ, ಪ್ರತಿಯೊಂದಕ್ಕೂ ಸಮನಾಗಿ ಮರಿಯಾಗುತ್ತದೆ ಎಂದುಕೊಂಡರೆ ಮುಂದಿನ ನೂರರಲ್ಲಿ ಗಿಡ್ಡ ರೆಕ್ಕೆಯವು 57, ಉದ್ದದವು 43. ಮತ್ತೆ ಅದೇ ಪ್ರಮಾಣದ ಸಾವು: ಸುಮಾರು 46 ಮತ್ತು 26 ಉಳಿಯುತ್ತವೆ. ಅದರ ಮುಂದಿನ ನೂರರಲ್ಲಿ ಗಿಡ್ಡ ರೆಕ್ಕೆಯವು 64. ಎಲ್ಲಿಯೂ ಒಂದೇ ಒಂದು ಹಕ್ಕಿ ಬದಲಾಗಲಿಲ್ಲ, ಪ್ರಯತ್ನವನ್ನೂ ಪಡಲಿಲ್ಲ. ಉದ್ದ ರೆಕ್ಕೆಯವೆಲ್ಲ ಸಾಯಬೇಕಾಗಿಯೂ ಇರಲಿಲ್ಲ, ಹೆಚ್ಚಿನವು ಬದುಕಿಯೇ ಇದ್ದವು. ಸಾವಿನ ಪ್ರಮಾಣದಲ್ಲಿ ಸಣ್ಣ ಅಂತರ ಇದ್ದು, ಆ ಗುಣ ಮರಿಗೆ ದಾಟಿದರೆ ಸಾಕು. ಇದಾದ ಮೇಲೆ ಅವಳು ಪತಂಗದ ಉತ್ತರವನ್ನು ಮತ್ತೆ ಬರೆದಳು. ಈ ಸಲ ಮೊದಲ ಸಾಲಿನಲ್ಲೇ, ಹೊಗೆ ಬರುವ ಮುಂಚೆಯೇ ಕೆಲವು ಕಪ್ಪು ಪತಂಗಗಳು ಇದ್ದವು ಎಂದಿತ್ತು.

ಹಾಗಾದರೆ ವಿಜಯನಗರದಲ್ಲಿ ನೈಸರ್ಗಿಕ ಆಯ್ಕೆ ನಡೆಯುತ್ತಿದೆಯೇ? ಒಂದು ಪಾರಿವಾಳ ಚಕ್ರಕ್ಕೆ ಸಿಕ್ಕಿತೆಂದ ಮಾತ್ರಕ್ಕೆ ಹೌದೆನ್ನಲಾಗದು. ಅದು ಬರಿಯ ದುರದೃಷ್ಟವಿರಬಹುದು, ರಸ್ತೆ ಅರಿಯದ ಎಳೆಯ ಹಕ್ಕಿಯಾಗಿರಬಹುದು. ನೆಬ್ರಾಸ್ಕದ ಸಂಶೋಧಕರು ಕೂಡ, ಸಾವು ಇಳಿದದ್ದರಲ್ಲಿ ಕಲಿಕೆಯ ಪಾಲೂ ಇರಬಹುದೆಂಬುದನ್ನು ಅಲ್ಲಗಳೆಯಲಿಲ್ಲ. ಉತ್ತರ ಬೇಕಾದರೆ ಸತ್ತವುಗಳ ಮತ್ತು ಬದುಕಿರುವವುಗಳ ರೆಕ್ಕೆ, ತೂಕ, ವಯಸ್ಸುಗಳನ್ನು ಹೋಲಿಸಬೇಕು. ಆ ಅಳತೆಗಳು ತಂದೆ ತಾಯಿಯಿಂದ ಮರಿಗೆ ಎಷ್ಟು ದಾಟುತ್ತವೆ ಎಂದು ಗೂಡುಗಳಲ್ಲಿ ನೋಡಬೇಕು. ಬೇರೆ ಕಡೆಯಿಂದ ಹಾರಿ ಬಂದು ಸೇರುವ ಪಾರಿವಾಳಗಳನ್ನು ಗುರುತಿಸಲು ಕಾಲಿಗೆ ಬಳೆ ತೊಡಿಸಬೇಕು. ಇದನ್ನೆಲ್ಲ ಹಲವು ಪೀಳಿಗೆಗಳ ಕಾಲ ಮಾಡಬೇಕು. ಅವಳು ನೋಟ್‌ಬುಕ್ಕಿನಲ್ಲಿ ಇದನ್ನು ಬರೆದುಕೊಂಡು, ಕೆಳಗೆ ತನ್ನದೇ ಒಂದು ಪ್ರಶ್ನೆ ಸೇರಿಸಿದಳು: ನಿಲ್ದಾಣದಲ್ಲಿ ಜನ ದಿನವೂ ಕಾಳು ಹಾಕುವುದರಿಂದ, ಬೇರೆಡೆ ಹಸಿವಿನಿಂದ ಸಾಯಬೇಕಾಗಿದ್ದ ಯಾವ ಬಗೆಯ ಪಾರಿವಾಳಗಳು ಇಲ್ಲಿ ಉಳಿದು ಮರಿ ಮಾಡುತ್ತಿವೆ?