ಬಾಣಂತಿಯ ಏದುಸಿರು: ಹೆರಿಗೆಯ ಆಸುಪಾಸಿನ ಹೃದಯಸ್ನಾಯು ರೋಗ

ಅವಳಿ ಮಕ್ಕಳನ್ನು ಹೆತ್ತು ಮೂರು ವಾರ ಕಳೆದಿರುವ 34 ವರ್ಷದ ಬಾಣಂತಿಯೊಬ್ಬಳ ಉದಾಹರಣೆಯನ್ನು ತೆಗೆದುಕೊಳ್ಳೋಣ. ಗರ್ಭದ ಕೊನೆಯ ದಿನಗಳಲ್ಲಿ ಆಕೆಗೆ ರಕ್ತದೊತ್ತಡ ಏರಿತ್ತು. ಈಗ ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬರುತ್ತದೆ. ನಿದ್ದೆಗೆಟ್ಟ ಆಯಾಸವೆಂದು ಮನೆಯವರು ಭಾವಿಸುತ್ತಾರೆ. ಆದರೆ ರಾತ್ರಿ ಅಂಗಾತ ಮಲಗಿದೊಡನೆ ಉಸಿರು ಕಟ್ಟುತ್ತದೆ, ಒಣಕೆಮ್ಮು ಏಳುತ್ತದೆ, ದಿಂಬುಗಳಿಗೆ ಒರಗಿ ಕುಳಿತರೆ ಮಾತ್ರ ನೆಮ್ಮದಿ. ಇಳಿಯಬೇಕಾದ ಕಾಲಿನ ಬಾವು ಏರುತ್ತಿದೆ, ತೂಕವೂ ಹೆಚ್ಚುತ್ತಿದೆ.

ಗರ್ಭಿಣಿಯಲ್ಲಿ ಕಾಲು ಊದುವುದು, ಬಾಣಂತಿಯಲ್ಲಿ ದಣಿವು ಕಾಣುವುದು ಸಹಜವೇ ಆದ್ದರಿಂದ ಈ ರೋಗ ಬಹಳ ಸಲ ತಡವಾಗಿ ಪತ್ತೆಯಾಗುತ್ತದೆ. ಸಹಜ ದಣಿವು ಮಲಗಿದರೆ ತಗ್ಗುತ್ತದೆ. ಹೃದಯದ ದೌರ್ಬಲ್ಯದಿಂದ ಬಂದ ಏದುಸಿರು ಮಲಗಿದರೆ ಹೆಚ್ಚುತ್ತದೆ. ಮನೆಯಲ್ಲಿಯೇ ಗುರುತಿಸಬಹುದಾದ ಈ ವ್ಯತ್ಯಾಸ ಕಂಡರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಗರ್ಭದ ಕೊನೆಯ ತಿಂಗಳಿನಿಂದ ಹೆರಿಗೆಯ ನಂತರದ ಐದು ತಿಂಗಳೊಳಗೆ, ಬೇರೆ ಯಾವ ಕಾರಣವೂ ಇಲ್ಲದೆ ಹೃದಯದ ಸ್ನಾಯು ಸೋಲುವುದೇ ಈ ರೋಗ. ಮೊದಲು ಹೃದ್ರೋಗವಿಲ್ಲದವರಿಗೂ ಇದು ಬರುತ್ತದೆ. ಮೂವತ್ತು ದಾಟಿದವರು, ಅವಳಿ ಗರ್ಭ ಧರಿಸಿದವರು, ಗರ್ಭಕಾಲದಲ್ಲಿ ರಕ್ತದೊತ್ತಡ ಏರಿದವರು, ಹಲವು ಹೆರಿಗೆಯಾದವರು ಹಾಗೂ ಆಫ್ರಿಕಾ ಮೂಲದ ಸ್ತ್ರೀಯರಲ್ಲಿ ಹೆಚ್ಚು. ಚೊಚ್ಚಲ ಹೆರಿಗೆಯ ತರುಣಿಯರಿಗೂ ಬರುವುದುಂಟು.

ನಮ್ಮ ಬಾಣಂತಿಗೆ ಎಕೋ ಪರೀಕ್ಷೆ ಮಾಡಲಾಯಿತೆನ್ನಿ. ಆರೋಗ್ಯವಂತ ಹೃದಯದ ಎಡ ಕೋಣೆಯು ಪ್ರತಿ ಬಡಿತಕ್ಕೂ ತನ್ನಲ್ಲಿರುವ ರಕ್ತದ ಶೇಕಡಾ 55ಕ್ಕಿಂತ ಹೆಚ್ಚು ಭಾಗವನ್ನು ಹೊರದೂಡುತ್ತದೆ. ಈ ರೋಗದಲ್ಲಿ ಅದು ಸಾಮಾನ್ಯವಾಗಿ 45ಕ್ಕಿಂತ ಕೆಳಗಿರುತ್ತದೆ, ಆಕೆಯಲ್ಲಿ 33. ನೀರಿಳಿಸುವ ಮಾತ್ರೆ ಹಾಗೂ ಹೃದಯದ ಹೊರೆ ಇಳಿಸುವ ಔಷಧಗಳನ್ನು ಕೊಡಲಾಗುತ್ತದೆ. ಇವುಗಳಲ್ಲಿ ಕೆಲವು ಗರ್ಭಸ್ಥ ಶಿಶುವಿಗೆ ಹಾನಿಕರವಾದುದರಿಂದ ಹೆರಿಗೆಯ ನಂತರವೇ ಸಲ್ಲುತ್ತವೆ. ಎದೆಹಾಲು ಉಣಿಸುವ ವಿಷಯವನ್ನು ವೈದ್ಯರೊಡನೆ ಚರ್ಚಿಸಿಯೇ ನಿರ್ಧರಿಸಬೇಕು.

ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಹೃದಯ ಬಹುಮಟ್ಟಿಗೆ ಆರು ತಿಂಗಳೊಳಗೆ ಚೇತರಿಸಿಕೊಳ್ಳುತ್ತದೆ. ಕೆಲವರಲ್ಲಿ ಇನ್ನೂ ತಡವಾಗಬಹುದು. ಮೊದಲ ಎಕೋದಲ್ಲಿ ಅಂಕಿ 30ಕ್ಕಿಂತ ಕೆಳಗಿದ್ದು ಹೃದಯ ಬಹಳ ಹಿಗ್ಗಿದ್ದರೆ ಚೇತರಿಕೆಯ ಸಾಧ್ಯತೆ ಕಡಿಮೆ. ಕೆಲವರಿಗೆ ಹೃದಯ ಕಸಿಯೇ ಬೇಕಾಗುತ್ತದೆ, ಮರಣವೂ ಸಂಭವಿಸುತ್ತದೆ.

ಆರನೆಯ ತಿಂಗಳಲ್ಲಿ ಆಕೆಯ ಅಂಕಿ 56ಕ್ಕೆ ಏರಿತೆಂದು ಇಟ್ಟುಕೊಳ್ಳೋಣ. ಆಗ ಮನೆಯಲ್ಲಿ ಏಳುವ ಪ್ರಶ್ನೆ ಮತ್ತೊಂದು ಮಗುವಿನದು. ಪೂರ್ಣ ಚೇತರಿಸಿಕೊಂಡವರಲ್ಲಿಯೂ ಸುಮಾರು ಐವರಲ್ಲಿ ಒಬ್ಬರಿಗೆ ಮುಂದಿನ ಗರ್ಭದಲ್ಲಿ ರೋಗ ಮರುಕಳಿಸುತ್ತದೆ. ಚೇತರಿಸಿಕೊಳ್ಳದವರಿಗೆ ಅದು ಪ್ರಾಣಾಪಾಯ. ಇದನ್ನು ಸೊಸೆಗೆ ಮಾತ್ರವಲ್ಲ, ಪತಿಗೂ ಅತ್ತೆಗೂ ವೈದ್ಯರ ಬಾಯಿಂದಲೇ ಕೇಳಿಸಬೇಕು. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆಗಳು ರಕ್ತ ಹೆಪ್ಪುಗಟ್ಟುವ ಭಯವನ್ನು ಹೆಚ್ಚಿಸುವುದರಿಂದ, ವಿಶೇಷವಾಗಿ ಹೃದಯ ಇನ್ನೂ ದುರ್ಬಲವಾಗಿರುವವರಿಗೆ ಸಲ್ಲವು; ವಂಕಿಯಂತಹ ಸಾಧನ ಲೇಸು.