ಲೈಸೆನ್ಸ್ ಸಿಕ್ಕ ಸಂತೋಷವನ್ನು ಹೇಗೆ ಬರೆಯುವುದು

ಮಗಳೇ, ಸ್ಕೂಟರ್ ಟೆಸ್ಟ್ ಪಾಸಾದೆ ಎಂದು ಕೇಳಿ ಮನಸ್ಸು ತುಂಬಿತು. ವಡಪಳನಿಯ ಆರ್ಕಾಟ್ ರಸ್ತೆಯಲ್ಲಿ ಮೆಟ್ರೋ ಕೆಲಸ, ಬಸ್ಸು, ಆಟೋಗಳ ನಡುವೆ ಓಡಾಡಲು ಕಲಿತದ್ದು ಸಣ್ಣ ಮಾತಲ್ಲ. ಫ್ಯಾಮಿಲಿ ಗ್ರೂಪಿಗೆ ಹಾಕುವ ಮುಂಚೆ ಓದಿ ಹೇಳಿ ಅಂತ ನೀನು ಕಳಿಸಿದ ಎರಡು ಬರಹಗಳನ್ನೂ ನೋಡಿದೆ. ಎರಡೂ ನಿನ್ನ ದನಿಯಲ್ಲಿಲ್ಲ ಅನಿಸಿತು.

ಮೊದಲನೆಯದರಲ್ಲಿ ‘ಕನಸು ನನಸಾದ ದಿನ’ ಇದೆ, ‘ಬದುಕಿನ ಹೊಸ ಅಧ್ಯಾಯ’ ಇದೆ, ಅಪ್ಪ ಅಮ್ಮನಿಂದ ಹಿಡಿದು ಎಲ್ಲರಿಗೂ ಕೃತಜ್ಞತೆ ಇದೆ. ಓದಿದವರಿಗೆ ‘ಅಭಿನಂದನೆಗಳು’ ಎಂದು ಬರೆಯುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಅದೇ ಮಾತುಗಳನ್ನು ನಾಳೆ ನಿನಗೆ ಕೆಲಸ ಸಿಕ್ಕಾಗಲೂ ಹಾಕಬಹುದು, ಮದುವೆಯಲ್ಲೂ ಹಾಕಬಹುದು. ಸ್ಕೂಟರ್ ಎಲ್ಲೂ ಕಾಣುವುದಿಲ್ಲ.

ಎರಡನೆಯದು ನನಗೆ ಹೆಚ್ಚು ನೋವು ಕೊಟ್ಟಿತು. ‘ನನ್ನಂಥವಳಿಗೂ ಲೈಸೆನ್ಸ್ ಕೊಟ್ಟುಬಿಟ್ಟರು, ಇನ್ನು ರಸ್ತೆಯಲ್ಲಿರುವವರನ್ನು ಮುರುಗನೇ ಕಾಪಾಡಬೇಕು’ ಎಂದು ಬರೆದಿದ್ದೀಯ. ವಿನಯ ಅಂದುಕೊಂಡು ಬರೆದೆ, ನನಗೆ ಗೊತ್ತು. ಆದರೆ ಹೆಂಗಸರು ಗಾಡಿ ಓಡಿಸುವುದನ್ನು ಆಡಿಕೊಳ್ಳಲು ಕಾದಿರುವವರು ನಮ್ಮ ಫ್ಯಾಮಿಲಿ ಗ್ರೂಪಿನಲ್ಲೇ ಇದ್ದಾರೆ. ಬಾಗಿಲು ತೆಗೆದುಕೊಟ್ಟವಳು ನೀನೇ ಆಗುತ್ತೀಯ. ಅದು ನಿಜವೂ ಅಲ್ಲ. ಕಾಲು ನೆಲಕ್ಕೆ ಊರದೆ ಎಂಟು ಹಾಕಿ ತೋರಿಸಿದ್ದಕ್ಕೇ ನಿನ್ನನ್ನು ಪಾಸು ಮಾಡಿದ್ದು.

ಹಾಗಾದರೆ ಯಾವ ದನಿ? ಫೋನಿನಲ್ಲಿ ನನಗೆ ಹೇಳಿದೆಯಲ್ಲ, ಅದೇ. ಗಾಡಿ ನಿಧಾನವಾದಷ್ಟೂ ಹ್ಯಾಂಡಲ್ ವಾಲುತ್ತಿತ್ತು, ಮುಂದಿನ ಚಕ್ರವನ್ನೇ ನೋಡುತ್ತಿದ್ದೆ, ಕಲಿಸುವ ಮೇಷ್ಟ್ರು ದಿನವೂ ‘ಕೀಳೆ ಪಾಕ್ಕಾದೀಂಗ’ ಎನ್ನುತ್ತಿದ್ದರು, ಕೆಳಗೆ ನೋಡುವುದು ಬಿಟ್ಟು ತಿರುಗಬೇಕಾದ ಕಡೆ ಕಣ್ಣಿಟ್ಟ ದಿನ ಎಂಟು ತಾನಾಗಿ ಬಂತು ಅಂದೆ. ಕೇಳುತ್ತಿದ್ದರೆ ನಾನೇ ಹಿಂದಿನ ಸೀಟಿನಲ್ಲಿ ಕೂತ ಹಾಗಿತ್ತು. ಅದನ್ನಿಟ್ಟುಕೊಂಡು ಹೀಗೆ ಬರೆದರೆ ಸಾಕು:

‘ಇವತ್ತು ಸ್ಕೂಟರ್ ಟೆಸ್ಟ್ ಪಾಸಾದೆ. ಎಂಟು ಹಾಕುವಾಗ ಚಕ್ರ ನೋಡಬೇಡಿ, ತಿರುಗುವ ಕಡೆ ನೋಡಿ ಎಂದು ಮೇಷ್ಟ್ರು ದಿನವೂ ಹೇಳುತ್ತಿದ್ದರು. ಅದು ತಲೆಗೆ ಹೋಗಲು ಬಹಳ ದಿನ ಹಿಡಿಯಿತು. ಇವತ್ತು ಕಾಲು ಊರಲಿಲ್ಲ. ತುಂಬಾ ಖುಷಿಯಾಗಿದೆ.’

ಖುಷಿಯನ್ನು ಖುಷಿ ಎಂದೇ ಬರೆ, ಅದಕ್ಕೆ ನಾಚಿಕೆ ಬೇಡ. ಗೆದ್ದದ್ದು ಎಷ್ಟೋ ಅಷ್ಟೇ ಹೇಳಿದಾಗ ಜಂಬ ಅನ್ನಿಸುವುದಿಲ್ಲ. ಇಂಥ ಮಾತಿಗೆ ಬರುವ ಉತ್ತರಗಳೂ ಬೇರೆ: ಒಬ್ಬರು ತಾವು ಕಾಲು ಊರಿದ ಕಥೆ ಹೇಳುತ್ತಾರೆ, ಕಲಿಯುತ್ತಿರುವ ಇನ್ನೊಬ್ಬರು ಬ್ರೇಕ್ ಹೇಗೆ ಹಿಡಿದೆ ಎಂದು ಕೇಳುತ್ತಾರೆ.

‘ಒಂದು ರೂಪಾಯಿ ಲಂಚ ಕೊಡದೆ’ ಎಂದು ಸೇರಿಸಿದ್ದೆಯಲ್ಲ, ಅದನ್ನು ತೆಗೆ. ನೀನು ಕೊಡದಿದ್ದದ್ದು ಒಳ್ಳೆಯದೇ. ಆದರೆ ಆ ಒಂದು ಸಾಲು ಬಿದ್ದ ಕೂಡಲೇ ಉಳಿದ ಲೈಸೆನ್ಸ್‌ದಾರರೆಲ್ಲ ಕಟಕಟೆಯಲ್ಲಿ ನಿಲ್ಲುತ್ತಾರೆ, ಮಾತು ನಿನ್ನ ಎಂಟನ್ನು ಬಿಟ್ಟು ಸರ್ಕಾರಿ ಕಚೇರಿಗಳ ಕಡೆ ಹೊರಟುಹೋಗುತ್ತದೆ. ಆ ವಿಷಯ ಬರೆಯಬೇಕೆನಿಸಿದರೆ ಇನ್ನೊಂದು ದಿನ ಬೇರೆಯಾಗಿ ಬರೆ.

ಫೋಟೋಗೂ ಒಂದು ದನಿ ಇರುತ್ತದೆ. ಲೈಸೆನ್ಸ್ ಕಾರ್ಡನ್ನು ಕ್ಯಾಮೆರಾ ಮುಂದೆ ಹಿಡಿದರೆ ಪದಕ ಹಿಡಿದಂತೆ ಕಾಣುತ್ತದೆ, ಜೊತೆಗೆ ಅದರ ಮೇಲೆ ನಂಬರು, ಹುಟ್ಟಿದ ತಾರೀಕು, ಮನೆ ವಿಳಾಸ, ಸಹಿ ಎಲ್ಲ ಇರುತ್ತವೆ. ಊರಿನವರಿಗೆಲ್ಲ ಅದು ಬೇಕಾಗಿಲ್ಲ. ಗಾಡಿಯಿಂದ ಬಿಚ್ಚಿದ ಕೆಂಪು ‘ಎಲ್’ ಬೋರ್ಡನ್ನು ಕೈಯಲ್ಲಿ ಹಿಡಿದು ನಗುತ್ತ ನಿಂತ ಫೋಟೋ ಹಾಕು. ಏನಾಯಿತೆಂದು ಎಲ್ಲರಿಗೂ ತಿಳಿಯುತ್ತದೆ.

ಕಾಲೇಜಿನ ತಮಿಳು ಗೆಳತಿಯರ ಗ್ರೂಪಿಗೆ ಇದನ್ನೇ ಹಾಕಬೇಡ. ಅವರು ನಿನ್ನ ಜೊತೆಗೇ ಎಲ್‌ಎಲ್‌ಆರ್ ತೆಗೆದುಕೊಂಡವರು. ಅಲ್ಲಿ ತಮಿಳಿನಲ್ಲೇ ‘ಎಟ್ಟು ಪೋಟ್ಟಾಚ್ಚು’ ಎಂದು ಒಂದು ಸಾಲು ಹಾಕಿದರೆ ಮುಗಿಯಿತು. ಮೈಸೂರಿನ ಅಜ್ಜಿಗೆ ಮಾತ್ರ ಏನೂ ಬರೆಯಬೇಡ, ಫೋನ್ ಮಾಡು. ಅವರಿಗೆ ನಿನ್ನ ದನಿಯೇ ಬೇಕು.

ಇನ್ನೊಂದು ವಿಷಯ. ನಿನ್ನ ಚಿಕ್ಕಪ್ಪನ ಮಗ ಮೊನ್ನೆ ಬೆಂಗಳೂರಿನಲ್ಲಿ ಟೆಸ್ಟ್ ಫೇಲಾಗಿದ್ದಾನೆ. ಒಮ್ಮೆ ತಪ್ಪಿದರೆ ಏಳು ದಿನ ಕಳೆಯದೆ ಮತ್ತೆ ಕೊಡುವ ಹಾಗಿಲ್ಲ. ಆ ಕಾಯುವ ದಿನಗಳಲ್ಲೇ ಇದ್ದಾನೆ. ಅವನಿಗೋಸ್ಕರ ನಿನ್ನ ಸಂತೋಷ ಮುಚ್ಚಿಡಬೇಕಿಲ್ಲ. ಆದರೆ ‘ಮೊದಲ ಸಲಕ್ಕೇ ಪಾಸ್’ ಎಂಬ ಮಾತು ಬಿಟ್ಟುಬಿಡು, ಅದರಿಂದ ನಿನಗೆ ಹೆಚ್ಚೇನೂ ಸಿಗುವುದಿಲ್ಲ, ಅವನಿಗೆ ಚುಚ್ಚುತ್ತದೆ. ಗ್ರೂಪಿಗೆ ಹಾಕುವ ಮುಂಚೆ ಅವನಿಗೊಂದು ಕರೆ ಮಾಡು. ಮೊದಲು ಅವನ ಟೆಸ್ಟ್ ಎಲ್ಲಿ ತಪ್ಪಿತು ಎಂದು ಕೇಳು, ಆಮೇಲೆ ನಿನ್ನದು ಹೇಳು. ಅವನೂ ಚಕ್ರವನ್ನೇ ನೋಡುತ್ತಿದ್ದಾನೋ ಏನೋ.