ಒಗೆದ ಬಟ್ಟೆಗೆ ಮುಗ್ಗಲು ವಾಸನೆ ಏಕೆ?

ಕಳೆದ ಕಾರ್ತಿಕ ಮಾಸದಲ್ಲಿ ಹೊಸೂರಿನ ಸೀಮೆಯಲ್ಲಿ ಹಲವು ದಿನ ಬಿಡದೆ ಜಿಟಿಮಳೆ ಹಿಡಿದಿದ್ದಾಗ, ನಮ್ಮ ಶಾಲೆಯ ಆರನೆಯ ತರಗತಿಯಲ್ಲಿ ಒಂದು ಸಂಗತಿಯು ನಮ್ಮ ಗಮನಕ್ಕೆ ಬಂದಿತು. ಒಬ್ಬ ಬಾಲಕನ ಪಕ್ಕದಲ್ಲಿ ಕುಳಿತುಕೊಳ್ಳಲು ಉಳಿದವರು ಹಿಂಜರಿಯುತ್ತಿದ್ದರು. ವಿಚಾರಿಸಲಾಗಿ, “ಇವನ ಅಂಗಿ ವಾಸನೆ ಬರುತ್ತೆ ಸಾರ್” ಎಂದರು. ಬಾಲಕನು ತಲೆ ತಗ್ಗಿಸಿ ನಿಂತನು. ಅವನ ಅಂಗಿಯಾದರೋ ಬೆಳ್ಳಗೆ ಮಡಿಯಾಗಿಯೇ ಇದ್ದಿತು. ಅವನ ತಾಯಿಯನ್ನು ಕೇಳಿದಾಗ ಆಕೆ ಕಣ್ಣೀರು ತುಂಬಿಕೊಂಡು, “ದಿನಾ ಮಿಷಿನ್ನಿಗೆ ಹಾಕಿ ಒಗೀತೀನಿ ಸಾರ್, ವಾಸನೆ ಹೋಗಲಿ ಅಂತ ಸೋಪಿನ ಪುಡೀನೂ ಎರಡರಷ್ಟು ಹಾಕ್ತೀನಿ” ಎಂದರು. ಮಕ್ಕಳು ಹೇಳಿದ್ದೂ ನಿಜ, ತಾಯಿ ಹೇಳಿದ್ದೂ ನಿಜ. ತಪ್ಪು ಇದ್ದದ್ದು ಒಗೆಯುವ ಯಂತ್ರದಲ್ಲಿ. ಇದನ್ನು ನಾವು ಕಂಡುಕೊಂಡ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಒಂದು ಪರೀಕ್ಷೆ ಮಾಡಿದೆವು. ಒಂದೇ ಹೊಸ ಬಟ್ಟೆಯಿಂದ ಎರಡು ಕರವಸ್ತ್ರಗಳನ್ನು ಕತ್ತರಿಸಿ, ಒಂದನ್ನು ಬಿಸಿನೀರಿನಲ್ಲಿ ಕೈಯಿಂದ ಒಗೆಸಿದೆವು. ಇನ್ನೊಂದನ್ನು ಆ ಮನೆಯ ಯಂತ್ರಕ್ಕೆ ಹಾಕಿಸಿದೆವು. ಎರಡೂ ಚೆನ್ನಾಗಿ ಒಣಗಿದ ಮೇಲೆ ಯಾವುದರಲ್ಲಿಯೂ ವಾಸನೆ ತಿಳಿಯಲಿಲ್ಲ. ಅನಂತರ ಎರಡನ್ನೂ ಶುದ್ಧವಾದ ನೀರಿನಿಂದ ತುಸು ತೇವ ಮಾಡಿ, ಬೇರೆ ಬೇರೆ ಸ್ಟೀಲ್ ಡಬ್ಬಿಗಳಲ್ಲಿ ಮುಚ್ಚಿ, ಎರಡು ಗಂಟೆ ಬೆಚ್ಚಗಿನ ಸ್ಥಳದಲ್ಲಿಟ್ಟೆವು. ಮುಚ್ಚಳ ತೆಗೆದಾಗ ಯಂತ್ರದಲ್ಲಿ ಒಗೆದ ಕರವಸ್ತ್ರ ಮಾತ್ರ ಮುಗ್ಗಲು ನಾರಿತು. ಬಾಲಕನ ಅಂಗಿಯೂ ಹೀಗೆಯೇ. ಮನೆಯಿಂದ ಹೊರಡುವಾಗ ವಾಸನೆಯಿಲ್ಲ, ಬೆವರಿನ ತೇವ ತಗುಲಿದೊಡನೆ ವಾಸನೆ.

ಇದರ ಕಾರಣವೇನು? ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳು ಒಣಗಿದಾಗ ಸುಮ್ಮನಿದ್ದು, ತೇವ ದೊರೆತೊಡನೆ ಮತ್ತೆ ಚಟುವಟಿಕೆ ಆರಂಭಿಸುತ್ತವೆ. ಒದ್ದೆ ಬಟ್ಟೆಯ ದುರ್ಗಂಧಕ್ಕೆ ಮೊರಾಕ್ಸೆಲ್ಲಾ ಓಸ್ಲೋಎನ್ಸಿಸ್ ಎಂಬ ಬ್ಯಾಕ್ಟೀರಿಯ ಮುಖ್ಯ ಕಾರಣವೆಂದು ಜಪಾನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಇಂಥ ಬ್ಯಾಕ್ಟೀರಿಯಗಳ ಜೊತೆಗೆ ಬೂಷ್ಟೂ ಸೇರಿ ಯಂತ್ರದೊಳಗೆ ಮನೆ ಮಾಡಿಕೊಳ್ಳುತ್ತವೆ. ಅವುಗಳಿಗೆ ಬೇಕಾದವು ಮೂರೇ: ತೇವ, ಆಹಾರ, ಮತ್ತು ಅತಿ ಬಿಸಿಯಲ್ಲದ ವಾತಾವರಣ.

ನಾವು ಆ ಯಂತ್ರವನ್ನು ನೋಡಲು ಹೋದೆವು. ಅದು ಮುಂಭಾಗದಲ್ಲಿ ಗುಂಡನೆಯ ಬಾಗಿಲುಳ್ಳದ್ದು. ಬಾಗಿಲಿನ ಸುತ್ತ ನೀರು ಸೋರದಂತೆ ದಪ್ಪ ರಬ್ಬರಿನ ಮಡಿಕೆಯೊಂದಿರುತ್ತದೆ. ಇದನ್ನು ಗ್ಯಾಸ್ಕೆಟ್ ಎನ್ನುವರು. ಅದರ ಕೆಳಭಾಗವನ್ನು ಬೆರಳಿನಿಂದ ಬಿಡಿಸಿ ನೋಡಲು, ಒಳಗೆ ಒಂದು ಚಮಚದಷ್ಟು ನೀರು, ಕೂದಲು, ನೂಲಿನ ಜೊಂಡು, ಬೂದುಬಣ್ಣದ ಲೋಳೆ ಮತ್ತು ಕಪ್ಪು ಚುಕ್ಕೆಗಳು ಕಂಡವು. ಕಪ್ಪು ಚುಕ್ಕೆಗಳೇ ಬೂಷ್ಟು. ಲೋಳೆಯು ಮೈಯ ಎಣ್ಣೆ, ಕರಗದೆ ಉಳಿದ ಸೋಪಿನ ಪುಡಿ ಮತ್ತು ಕೊಳವೆಬಾವಿಯ ಗಡಸು ನೀರಿನ ಸುಣ್ಣ ಇವು ಕೂಡಿ ಆದದ್ದು. ಅದೇ ಸೂಕ್ಷ್ಮಜೀವಿಗಳ ಆಹಾರವೂ ಹೌದು, ಆಶ್ರಯವೂ ಹೌದು. ಡ್ರಮ್ಮಿನ ಹೊರಮೈ ನಮ್ಮ ಕಣ್ಣಿಗೆ ಬೀಳದು. ಅಲ್ಲಿಯೂ ಇದೇ ಲೋಳೆ ಹತ್ತಿರುತ್ತದೆ.

ಈಗ ತಾಯಿಯವರ ಮಾತು ನೆನೆಯಿರಿ. ವಾಸನೆ ಹೋಗಲೆಂದು ಅವರು ಪುಡಿಯನ್ನು ಹೆಚ್ಚಿಸಿದರು. ಹೆಚ್ಚಾದ ಪುಡಿ ತೊಳೆದು ಹೋಗದೆ ಲೋಳೆಯಾಗಿ ನಿಂತಿತು. ವಿದ್ಯುತ್ತಿನ ಖರ್ಚು ಉಳಿಯಲೆಂದು ಯಾವಾಗಲೂ ತಣ್ಣೀರಿನಲ್ಲಿಯೇ ಒಗೆದರು; ಕೊಬ್ಬು ಕರಗಲಿಲ್ಲ, ಜೀವಿಗಳು ಸಾಯಲಿಲ್ಲ. ಧೂಳು ಬೀಳದಿರಲೆಂದು ಒಗೆದ ಕೂಡಲೇ ಬಾಗಿಲು ಮುಚ್ಚಿದರು. ಒಳಗಿನ ತೇವ ಆರಲಿಲ್ಲ. ಮೂರೂ ಒಳ್ಳೆಯ ಉದ್ದೇಶದಿಂದ ಮಾಡಿದವು. ಮೂರೂ ವಾಸನೆಯನ್ನೇ ಬೆಳೆಸಿದವು.

ಇನ್ನು ಶುದ್ಧಿಯ ಕ್ರಮ. ಮೊದಲು ಪ್ಲಗ್ಗನ್ನು ತೆಗೆದೆವು. ಯಂತ್ರದ ಮುಂದೆ ಕೆಳಮೂಲೆಯಲ್ಲಿ ಸಣ್ಣ ಮುಚ್ಚಳವೊಂದಿದ್ದು, ಅದರೊಳಗೆ ಜಾಲರಿಯಿರುತ್ತದೆ. ಅಗಲವಾದ ತಟ್ಟೆಯಿಟ್ಟು ಅದನ್ನು ನಿಧಾನವಾಗಿ ತಿರುಗಿಸಲು ನಾರುವ ನೀರೂ ಎರಡು ನಾಣ್ಯಗಳೂ ಹೊರಬಂದವು. ಬಿಸಿನೀರಿನಲ್ಲಿ ಒಗೆದ ಕೂಡಲೇ ಇದನ್ನು ತೆರೆಯಕೂಡದು, ಕೈ ಸುಡುವುದು. ಪುಡಿ ಹಾಕುವ ತಟ್ಟೆಯನ್ನು ಈಚೆಗೆಳೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆವು. ರಬ್ಬರಿನ ಮಡಿಕೆಯ ಲೋಳೆಯನ್ನು ಒರೆಸಿ ತೆಗೆದು, 1 ಲೀಟರು ತಣ್ಣೀರಿಗೆ 50 ಮಿಲಿಲೀಟರು ಕ್ಲೋರಿನ್ ಬ್ಲೀಚ್ ದ್ರವ ಬೆರೆಸಿ, ಅದರಲ್ಲಿ ಅದ್ದಿದ ಬಟ್ಟೆಯನ್ನು ಮಡಿಕೆಯಲ್ಲಿ 5 ನಿಮಿಷ ಇಟ್ಟು, ಶುದ್ಧ ನೀರಿನಿಂದ ಮೂರು ಬಾರಿ ಒರೆಸಿದೆವು. ಕೈಚೀಲ ತೊಟ್ಟು, ಕಿಟಕಿ ತೆರೆದು, ಹಿರಿಯರೇ ಮಾಡತಕ್ಕ ಕೆಲಸವಿದು.

ಬಳಿಕ ಜಾಲರಿಯನ್ನು ಭದ್ರವಾಗಿ ತಿರುಗಿಸಿ, ಮಡಿಕೆಯಲ್ಲಿ ಬ್ಲೀಚಿನ ವಾಸನೆ ಉಳಿಯದಂತೆ ತಣ್ಣೀರಿನಲ್ಲಿ ಒಮ್ಮೆ ಯಂತ್ರವನ್ನು ಬರಿದೇ ಓಡಿಸಿದೆವು. ಆಮೇಲೆ ಡ್ರಮ್ಮಿನಲ್ಲಿ ಬಟ್ಟೆಯಿಲ್ಲದೆ 100 ಗ್ರಾಂ ಸೋಡಿಯಂ ಪರ್ಕಾರ್ಬೊನೇಟ್ ಹಾಕಿ, 90 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಪೂರ್ತಿ ನಡೆಸಿದೆವು. ಈ ಪುಡಿಯು ನೀರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಒಗೆಯುವ ಸೋಡವಾಗಿ ಬೇರ್ಪಡುತ್ತದೆ. ಮೊದಲನೆಯದು ಜೀವಿಗಳನ್ನು ಕೊಲ್ಲುತ್ತದೆ, ಎರಡನೆಯದು ಕೊಬ್ಬನ್ನು ಬಿಡಿಸುತ್ತದೆ. ಮೊದಲ ಬಾರಿ ಹೊರಬಂದ ನೀರು ಕಂದುಬಣ್ಣದ್ದು. ಅದರಲ್ಲಿ ಲೋಳೆಯ ಚೂರುಗಳು ತೇಲುತ್ತಿದ್ದವು. ಆದುದರಿಂದ ಮಾರನೆಯ ದಿನ ಮತ್ತೊಮ್ಮೆ ನಡೆಸಿದೆವು, ನೀರು ತಿಳಿಯಾಯಿತು. ನೀರು ಕಾಯಿಸುವ ವ್ಯವಸ್ಥೆಯಿಲ್ಲದ ಯಂತ್ರವಾದರೆ ಅದರ ಕೈಪಿಡಿಯು ಅನುಮತಿಸುವಷ್ಟೇ ಬಿಸಿನೀರನ್ನು ಉಪಯೋಗಿಸಬೇಕು.

ಇಲ್ಲಿ ಒಂದು ಎಚ್ಚರಿಕೆ. ಬ್ಲೀಚಿನೊಡನೆ ನಿಂಬೆಹುಳಿ, ವಿನೆಗರ್ ಮೊದಲಾದ ಆಮ್ಲಗಳನ್ನು ಎಂದಿಗೂ ಬೆರೆಸಬಾರದು. ಉಸಿರಾಟಕ್ಕೆ ಅಪಾಯಕರವಾದ ಕ್ಲೋರಿನ್ ಅನಿಲ ಹುಟ್ಟುತ್ತದೆ. ಸುಣ್ಣ ಕರಗಿಸಲು ನಿಂಬೆ ಆಮ್ಲ ಹಾಕುವುದಾದರೆ ಅದಕ್ಕೆ ಬೇರೆಯೇ ದಿನವಿರಲಿ.

ಯಂತ್ರ ಶುದ್ಧವಾದರೂ ಬಟ್ಟೆಗಳಲ್ಲಿ ಜೀವಿಗಳು ಉಳಿದೇ ಇದ್ದವು. ಬಾಲಕನ ಬಿಳಿಯ ಹತ್ತಿ ಅಂಗಿಗಳನ್ನು 60 ಡಿಗ್ರಿಯಲ್ಲಿ ಒಮ್ಮೆ ಒಗೆಸಿ, ಮಳೆ ಬಿಟ್ಟ ದಿನ ಬಿಸಿಲಿಗೆ ಹಾಕಿಸಿದೆವು. ಕರವಸ್ತ್ರದ ಪರೀಕ್ಷೆಯನ್ನು ತರಗತಿಯಲ್ಲಿ ಎಲ್ಲರ ಮುಂದೆ ಮತ್ತೆ ಮಾಡಿದೆವು. ಈ ಬಾರಿ ಎರಡು ಡಬ್ಬಿಗಳಲ್ಲಿಯೂ ವಾಸನೆಯಿರಲಿಲ್ಲ. ಡಬ್ಬಿ ತೆರೆದು ಮೂಸಿ ಹೇಳುವ ಕೆಲಸವನ್ನು ಅದೇ ಬಾಲಕನಿಗೆ ಒಪ್ಪಿಸಿದ್ದೆವು. ಅಂದಿನಿಂದ ಅವನ ಬೆಂಚಿನಲ್ಲಿ ಸ್ಥಳ ಖಾಲಿಯಿಲ್ಲ.

ಆದರೆ ರಬ್ಬರಿನೊಳಕ್ಕೆ ಇಳಿದ ಕೆಲವು ಕಪ್ಪು ಕಲೆಗಳು ಹೋಗಲಿಲ್ಲ. ವಾಸನೆಯಿಲ್ಲದಿದ್ದರೆ ಅವುಗಳಿಂದ ಬಾಧೆಯಿಲ್ಲ; ರಬ್ಬರು ಹರಿದಿದ್ದರೆ ಅಥವಾ ಅಂಟಂಟಾಗಿದ್ದರೆ ಬದಲಾಯಿಸಬೇಕು. ಯಂತ್ರ ಶುದ್ಧವಾಗಿದ್ದೂ ಮೋರಿಯ ವಾಸನೆ ಬರುತ್ತಿದ್ದರೆ, ದೋಷವು ನೀರು ಹೊರಹೋಗುವ ಕೊಳವೆಯಲ್ಲಿದೆಯೆಂದು ತಿಳಿಯಬೇಕು.

ಆ ಮನೆಯಲ್ಲಿ ಈಗ ನಡೆಯುತ್ತಿರುವ ಪದ್ಧತಿ ಇಷ್ಟೇ. ಒಗೆದ ಬಟ್ಟೆಯನ್ನು ತಡಮಾಡದೆ ತೆಗೆಯುವುದು. ರಬ್ಬರಿನ ಮಡಿಕೆಯನ್ನು ಒಣಬಟ್ಟೆಯಿಂದ ಒರೆಸುವುದು. ಬಾಗಿಲನ್ನೂ ಪುಡಿಯ ತಟ್ಟೆಯನ್ನೂ ನಾಲ್ಕು ಬೆರಳಷ್ಟು ತೆರೆದಿಡುವುದು. ಪುಡಿಯನ್ನು ಪೊಟ್ಟಣದಲ್ಲಿ ಹೇಳಿದಷ್ಟೇ ಹಾಕುವುದು. ತಿಂಗಳಿಗೊಮ್ಮೆ ಬರಿಯ ಡ್ರಮ್ಮನ್ನು ಬಿಸಿನೀರಿನಲ್ಲಿ ನಡೆಸುವುದು. ಎಳೆಯ ಮಕ್ಕಳಿರುವ ಮನೆಯಲ್ಲಿ ಮಾತ್ರ, ಮಗು ಒಳಗೆ ನುಗ್ಗಬಹುದಾದ್ದರಿಂದ, ಒಳಗೆ ಒಣಗುವವರೆಗೆ ಹಿರಿಯರ ಕಣ್ಣಿನಡಿ ತೆರೆದಿಟ್ಟು ಅನಂತರ ಮುಚ್ಚತಕ್ಕದ್ದು.

ಅಭ್ಯಾಸ

1. ಒಣಗಿದ ಅಂಗಿಯಲ್ಲಿ ಇಲ್ಲದ ವಾಸನೆ ಬೆವರಿದಾಗ ಬರಲು ಕಾರಣವೇನು?
2. ಸೋಪಿನ ಪುಡಿಯನ್ನು ಹೆಚ್ಚಿಸಿದರೆ ವಾಸನೆ ಏಕೆ ಹೆಚ್ಚುತ್ತದೆ?
3. ನಿಮ್ಮ ಮನೆಯಲ್ಲಿ ಹಿರಿಯರೊಡನೆ ಕರವಸ್ತ್ರದ ಪರೀಕ್ಷೆ ಮಾಡಿ, ಕಂಡದ್ದನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.